ಕೈಕೊಟ್ಟ ವ್ಯಾನು, ಕೈಯೆತ್ತಿದ ಸಂಘ

ಗಡಿನಾಡಿನ ರಕ್ಷಕರೇ, ನಮ್ಮ ಶಾಲೆಗಳ ವಾಟ್ಸಾಪ್ ಗುಂಪಿನ ಮಾತು ಇಂದು ಊರೊಳಗೇ ಉಳಿಯುವುದಿಲ್ಲ. ಮಸ್ಕತ್ತಿನ ಹಳೆ ವಿದ್ಯಾರ್ಥಿಗೂ, ಜರ್ಮನಿಯಲ್ಲಿ ನೆಲೆಸಿದವರ ಕನ್ನಡ ಓದಲಾರದ ಮಕ್ಕಳಿಗೂ ಅದು ಇಂಗ್ಲಿಷಿನಲ್ಲಿ ತಲುಪಬೇಕು. ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ಸಂದೇಶವೊಂದನ್ನು ಹಾಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂಲ ಹೀಗಿತ್ತು: “ಶಾಲಾ ವ್ಯಾನು ಕೈಕೊಟ್ಟಿದೆ. ರಿಪೇರಿಗೆ ಒಂದೂವರೆ ಲಕ್ಷ ಬೇಕು. ಸಂಘ ಕೈಯೆತ್ತಿದೆ. ನಾಡಿದ್ದಿನೊಳಗೆ ತಿಳಿಸಿ.”

ನಿಮಗೆ ಇದರಲ್ಲಿ ತೊಡಕೇನೂ ಕಾಣದು. ಆದರೆ ಪದಕ್ಕೆ ಪದವಿಟ್ಟು ನೋಡಿ. ಇಂಗ್ಲಿಷ್ ಓದುಗನಿಗೆ ಕೈಯೆತ್ತಿದವನು ‘ನಾನು ಮಾಡುತ್ತೇನೆ’ ಎಂದು ಮುಂದೆ ಬಂದವನು. ಸಂಘವೇ ಹಣ ಕೊಡುತ್ತದೆಂದು ಆತ ಸುಮ್ಮನಾಗುತ್ತಾನೆ. ‘ಕೈಕೊಟ್ಟಿದೆ’ ಎಂಬುದಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಮಲಯಾಳದಲ್ಲಿ ಕೈ ಕೊಡುವುದೆಂದರೆ ಕೈಕುಲುಕುವುದು, ತಮಿಳಿನಲ್ಲಿ ನೆರವಾಗುವುದು. ತಾಳವಾಡಿಯ ತಾಯಂದಿರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ನುಡಿಗಟ್ಟನ್ನು ಬಿಡಿಸುವಾಗ ಮೊದಲು ಅದು ಮರೆಮಾಡಿದ ಸಂಗತಿಯನ್ನು ಕೇಳಿ ತಿಳಿಯಬೇಕು. ಮಳೆ ಕೈಕೊಟ್ಟರೆ ಬರಲಿಲ್ಲವೆಂದು, ಗೆಳೆಯ ಕೈಕೊಟ್ಟರೆ ನಂಬಿಸಿ ಬಿಟ್ಟುಹೋದನೆಂದು ಅರ್ಥ. ವ್ಯಾನಿಗೆ ಏನಾಯಿತು? ಚಾಲಕರನ್ನು ವಿಚಾರಿಸಿದೆ: ಎಂಜಿನ್ ಕೆಟ್ಟಿತ್ತು. ಸಂಘದ ಖಜಾಂಚಿಯವರನ್ನು ಕೇಳಿದಾಗ ಕೈಯಲ್ಲಿ ನಲವತ್ತು ಸಾವಿರವಿತ್ತು. ಕೊನೆಗೆ ಇಂಗ್ಲಿಷಿನಲ್ಲಿ ಕಳುಹಿಸಿದ್ದರ ತಾತ್ಪರ್ಯ ಇದು: “ಶಾಲಾ ವ್ಯಾನಿನ ಎಂಜಿನ್ ಕೆಟ್ಟಿದೆ. ದೂರದ ಮಕ್ಕಳು ಶಾಲೆಗೆ ಬರಲಾಗುತ್ತಿಲ್ಲ. ರಿಪೇರಿಗೆ 150,000 ರೂಪಾಯಿ ಬೇಕು. ಸಂಘದಲ್ಲಿ 40,000 ಇದೆ. ಉಳಿದದ್ದನ್ನು ಹೊಂದಿಸಲು ನಮಗೆ ಸಾಧ್ಯವಾಗಿಲ್ಲ. ನೆರವಾಗಬಲ್ಲವರು ಜುಲೈ 15ರೊಳಗೆ ತಿಳಿಸಿ.” ಲಕ್ಷವೆಂಬ ಎಣಿಕೆ ಹೊರನಾಡಿನವರಿಗೆ ಅಪರಿಚಿತ, 1,50,000 ಎಂದು ಅಲ್ಪವಿರಾಮ ಹಾಕಿದರೂ ಅವರು ತಡವರಿಸುತ್ತಾರೆ. ‘ನಾಡಿದ್ದು’ ಎಂಬುದೋ, ಸಂದೇಶವನ್ನು ಎರಡು ದಿನ ತಡವಾಗಿ ತೆರೆದವನಿಗೆ ಬೇರೆಯೇ ದಿನವಾಗುತ್ತದೆ.

ಇಲ್ಲೊಂದು ಮೋಸವೂ ಇದೆ. ನಮ್ಮ ನುಡಿಗಟ್ಟನ್ನು ತೆಗೆದು ಅದರ ಜಾಗದಲ್ಲಿ ಇಂಗ್ಲಿಷಿನದೊಂದನ್ನು ಕೂರಿಸುವುದು ಸುಲಭ, ಚೆಂದವೂ ಹೌದು. ಆದರೆ ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ಜರ್ಮನ್ ಓದುಗನಿಗೆ ಅದೂ ಒಗಟೇ.

ನೇರ ಮಾತು ಒರಟಾಗುತ್ತದೆ ಎಂಬ ಅಳುಕು ನಿಮಗಿರಬಹುದು, ನಿಜವೇ. ಸಂಘದ ಬಡತನವನ್ನು ‘ಕೈಯೆತ್ತಿದೆ’ ಎಂಬ ಮಾತು ಮರ್ಯಾದೆಯಿಂದ ಮುಚ್ಚಿತ್ತು. ಅದಕ್ಕಾಗಿ ಆರಂಭದಲ್ಲಿ ಕುಶಲ ಕೇಳುವ ಒಂದು ಸಾಲು ಸೇರಿಸಿದೆ. ಕನ್ನಡದ ಮೂಲವನ್ನು ಮಾತ್ರ ಒಂದಕ್ಷರವೂ ಬದಲಿಸದೆ ಮೇಲೆಯೇ ಉಳಿಸಿದೆವು. ಅದನ್ನು ಓದುವ ನಮ್ಮ ಏಳನೆಯ ತರಗತಿಯವರಿಗೆ ವ್ಯಾನು ಕೈಕೊಟ್ಟೇ ಇರಲಿ.