ಬಣ್ಣ ಕಳಚುವ ಕ್ರಮ

ಮುಂಬಯಿಯ ಯಕ್ಷಗಾನ ಚೌಕಿಯಲ್ಲಿ ಆಟ ಮುಗಿಸಿ ಬಂದ ಕಲಾವಿದರು ಮೊದಲು ಹುಡುಕುವುದು ನೀರನ್ನಲ್ಲ, ತೆಂಗಿನೆಣ್ಣೆಯನ್ನು. ಎಣ್ಣೆಯಲ್ಲಿ ಕಲಸಿ ಹಚ್ಚಿದ ಬಣ್ಣ ಎಣ್ಣೆಗೇ ಕರಗುತ್ತದೆ. ಇಂದು ‘ಡಬಲ್ ಕ್ಲೆನ್ಸಿಂಗ್’ ಎನ್ನುವ ಕ್ರಮದ ತಿರುಳೂ ಇದೇ: ಮೊದಲು ಎಣ್ಣೆ, ಅನಂತರ ಸೌಮ್ಯವಾದ ಫೇಸ್‌ವಾಶ್ ಮತ್ತು ನೀರು.

ಹವ್ಯಾಸಿ ವೇಷಧಾರಿಯಾದ ನನಗೆ ಭಾನುವಾರದ ಬಣ್ಣ ಸೋಮವಾರದ ಕಚೇರಿಯವರೆಗೆ ಉಳಿಯಬಾರದು. ಮುಖವೂ ಕೈಯೂ ಒಣಗಿರುವಾಗಲೇ ಎಣ್ಣೆ ಹಚ್ಚಿ, ಸುಮಾರು ಒಂದು ನಿಮಿಷ ಬೆರಳ ತುದಿಯಿಂದ ಮೆಲ್ಲನೆ ತೀಡುತ್ತೇನೆ. ಮುಖ ಒದ್ದೆಯಾಗಿದ್ದರೆ ಎಣ್ಣೆ ಬಣ್ಣಕ್ಕೆ ಅಂಟದೆ ಜಾರುತ್ತದೆ. ಕರಗಿದ ಬಣ್ಣವನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಫೇಸ್‌ವಾಶ್‌ನಿಂದ ತೊಳೆಯುತ್ತೇನೆ. ಈ ಎರಡನೆಯ ತೊಳೆತವಿಲ್ಲದಿದ್ದರೆ ಬಣ್ಣ ಬೆರೆತ ಎಣ್ಣೆ ಚರ್ಮದ ಮೇಲೆಯೇ ಕೂರುತ್ತದೆ.

ಆದರೆ ಮೊಡವೆಯ ಚರ್ಮಕ್ಕೆ ತೆಂಗಿನೆಣ್ಣೆ ಅಷ್ಟಾಗಿ ಒಗ್ಗದು. ನಮ್ಮ ತಂಡದ ಸ್ತ್ರೀವೇಷದ ಹುಡುಗನಿಗೆ ಪ್ರತಿ ಆಟದ ಬಳಿಕ ಹಣೆಯಂಚಿನಲ್ಲಿ ಗುಳ್ಳೆಗಳೇಳುತ್ತಿದ್ದವು, ವೇಷವನ್ನೇ ಬಿಡುತ್ತೇನೆಂದಿದ್ದ. ನೀರು ಸೋಕಿದೊಡನೆ ಹಾಲಿನಂತಾಗಿ ತೊಳೆದುಹೋಗುವ ಕ್ಲೆನ್ಸಿಂಗ್ ಆಯಿಲ್ ಬಳಸತೊಡಗಿದ. ಕೂದಲಂಚನ್ನೂ ದವಡೆಯ ಕೆಳಭಾಗವನ್ನೂ ಬಿಡದೆ ತೊಳೆದ. ಕೆಲವು ವಾರಗಳಲ್ಲಿ ಗುಳ್ಳೆಗಳು ಇಳಿದವು. ಈಗಲೂ ಅವನೇ ನಮ್ಮ ದ್ರೌಪದಿ.

ತೊಳೆದಾದ ಮೇಲೆ ಒದ್ದೆ ಹತ್ತಿಯನ್ನು ಆ ಅಂಚುಗಳಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಕೆಲಸ ಉಳಿದಿದೆ. ಚರ್ಮ ಬಿಗಿದು ಉರಿದರೆ ತೊಳೆದದ್ದು ಅತಿಯಾಗಿದೆ. ಬಣ್ಣ ಹಚ್ಚದ ದಿನ ಒಂದೇ ತೊಳೆತ ಸಾಕು.