ಅಕ್ಕನ 14 ದಿನ, ಒಂದು ಪೇಪರ್

(1/3)
ನಿಮ್ಮ ಮನ್ಯಾಗ ಯಾರಾದ್ರೂ ಬ್ಯಾಂಕಿನಾಗ ಇದ್ರ ಜೆಎಐಐಬಿ ಅನ್ನೋ ಹೆಸರು ಕೇಳಿರ್ತೀರಿ. ಬ್ಯಾಂಕ್ ನೌಕರರಿಗೆ ಐಐಬಿಎಫ್ ನಡೆಸೋ ಪರೀಕ್ಷೆ ಅದು. ನಾಲ್ಕು ಪೇಪರ್, ಪ್ರತಿ ಪೇಪರಿಗೆ 100 ಪ್ರಶ್ನೆ, 2 ತಾಸು, ಪಾಸಾಗಲಿಕ್ಕೆ 50. ಪಾಸಾದ್ರ ಪಗಾರಕ್ಕೆ ಒಂದು ಇಂಕ್ರಿಮೆಂಟ್ ಸೇರ್ತದ. ಆದರೆ ಐದು ಪ್ರಯತ್ನ ಅಥವಾ ಮೂರು ವರ್ಷ, ಯಾವುದು ಮೊದಲು ಮುಗೀತದೋ ಅಷ್ಟರೊಳಗ ನಾಲ್ಕೂ ಪಾಸಾಗಬೇಕು. ಇಲ್ಲಂದ್ರ ಪಾಸಾದ ಪೇಪರೂ ಹೋಗ್ತಾವ, ಮತ್ತ ಒಂದರಿಂದ ಶುರು.

ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ಈಗ ಕೊನೇ ಪ್ರಯತ್ನದಾಗ ಇದ್ದಾಳ. ಮೂರು ಪೇಪರ್ ಆಗ್ಯಾವ, ಅಕೌಂಟಿಂಗ್ ಅಂಡ್ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಒಂದೇ ಉಳಿದದ. ದಿನಾ ಕಳ್ಳಕವಟಗಿಯಿಂದ ತಿಕೋಟಾಕ್ಕ ಹೋಗಿ, ಕ್ಯಾಶ್ ಟ್ಯಾಲಿ ಮಾಡಿ, ಕತ್ತಲಾದ ಮ್ಯಾಲೆ ಮನಿಗೆ ಬರ್ತಾಳ. ನಾನು ಬಿಕಾಂ ಅಂತ ನನ್ನ ಹಿಡಕೊಂಡು ಕೂತಳು. "ತಮ್ಮಾ, ಎರಡು ವಾರದಾಗ ಇಡೀ ಪುಸ್ತಕ ಮತ್ತ ಓದಲೇನು?"

ಬ್ಯಾಡ ಅಂದೆ. ಪುಸ್ತಕ ಒಮ್ಮೆ ಓದಿ ಆಗಿತ್ತು. ಮತ್ತ ಓದಿದ್ರ ಎಲ್ಲಾ ಗುರುತಿನ ಮುಖ ಕಂಡಂಗ ಅನಿಸ್ತದ, ಲೆಕ್ಕ ಮಾತ್ರ ಕೈಗೆ ಬರಂಗಿಲ್ಲ. ಅದಕ್ಕ ಮೊದಲನೇ ದಿನ, ಭಾನುವಾರ, ಓದದೇ ಒಂದು ಟೆಸ್ಟ್ ಮಾಡಿಸಿದೆ. ನಾಲ್ಕು ಮಾಡ್ಯೂಲಿನಿಂದ 15ರಂತೆ 60 ಪ್ರಶ್ನೆ. ಎ ಮಾಡ್ಯೂಲ್ ಅಂದ್ರ ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಇತ್ಯಾದಿ, ಅದರಾಗ 10 ಸರಿ. ಬಿ (ಹಣಕಾಸು ಪಟ್ಟಿಗಳು, ಕೋರ್ ಬ್ಯಾಂಕಿಂಗ್) 8, ಡಿ (ತೆರಿಗೆ, ಕಾಸ್ಟಿಂಗ್) 7. ಸಿ ಅಂದ್ರ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್, ಅದರಾಗ 3. ಮೊದಲನೇ ಪುಟದಿಂದ ಕೂತಿದ್ರ ಬರೋ ಎ ಮಾಡ್ಯೂಲಿಗೇ ಒಂದು ವಾರ ಹೋಗ್ತಿತ್ತು.

(2/3)
ಸಿ ಮಾಡ್ಯೂಲಿನ 12 ತಪ್ಪು ಒಂದೊಂದಾಗಿ ನೋಡಿದ್ವಿ. ಸೂತ್ರ ಮರೆತಿದ್ದು 5 ಮಾತ್ರ. ಉಳಿದ 7ರಾಗ ಸೂತ್ರ ಸರಿ, ಅವಧಿ ತಪ್ಪು. ಉದಾಹರಣೆಗೆ: 10,000 ರೂಪಾಯಿ, ವರ್ಷಕ್ಕೆ 8% ಬಡ್ಡಿ, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ, 2 ವರ್ಷಕ್ಕೆ ಎಷ್ಟು? ಅಕ್ಕ 1.08 ಅನ್ನು ಎರಡು ಸಲ ಗುಣಿಸಿ 11,664 ಅಂತ ಬರೆದಳು. ಆರು ತಿಂಗಳಿಗೆ ಬಡ್ಡಿ 4%, ಅವಧಿ ನಾಲ್ಕು. ಹಂಗಾಗಿ 1.04 ಅನ್ನು ನಾಲ್ಕು ಸಲ ಗುಣಿಸಬೇಕು, ಉತ್ತರ 11,698.59. ಮಜಾ ಏನಂದ್ರ 11,664 ಕೂಡ ಆಯ್ಕೆಯೊಳಗ ಇತ್ತು. ನಿಮ್ಮ ಉತ್ತರ ಆಯ್ಕೆಯಾಗ ಸಿಕ್ಕಿತು ಅಂದ ಮಾತ್ರಕ್ಕ ಸರಿ ಅಂತಲ್ಲ, ಪ್ರಶ್ನೆ ಬರೆದವರಿಗೆ ನೀವು ಎಲ್ಲಿ ಜಾರ್ತೀರಿ ಗೊತ್ತಿರ್ತದ. ಈಗ ಅಕ್ಕ ಲೆಕ್ಕಕ್ಕ ಕೈ ಹಾಕೋ ಮೊದಲು ಕಚ್ಚಾ ಹಾಳಿ ಮ್ಯಾಲೆ ಎರಡೇ ಅಂಕಿ ಬರೀತಾಳ: ಒಂದು ಅವಧಿಗೆ ಬಡ್ಡಿ ಎಷ್ಟು, ಅವಧಿ ಎಷ್ಟು.

ಸಾದಾ ಕ್ಯಾಲ್ಕುಲೇಟರಿನ ಒಂದು ಉಪಾಯನೂ ಹೇಳ್ತೀನಿ. ವರ್ಷಕ್ಕೆ 1,000ದಂತೆ ಮೂರು ವರ್ಷ ಬರೋ ಹಣದ ಇವತ್ತಿನ ಬೆಲೆ 10%ಗೆ ಬೇಕಂದ್ರ, 1000 ÷ 1.1 ಒತ್ತಿ = ಅನ್ನು ಮೂರು ಸಲ ಒತ್ತಿ. 909.09, 826.45, 751.31. ಕೂಡಿಸಿದ್ರ 2,486.85. ಸುಮಾರು ಕ್ಯಾಲ್ಕುಲೇಟರ್ ಹಿಂಗ ಭಾಗಿಸ್ತಾ ಹೋಗ್ತಾವ, ನಿಮ್ಮದು ಹೋಗ್ತದೋ ಇಲ್ಲೋ ಮನ್ಯಾಗೇ ನೋಡ್ಕೋರಿ.

2ರಿಂದ 7ನೇ ದಿನ ಪೂರ್ತಿ ಸಿ ಮಾಡ್ಯೂಲ್. ಬೆಳಗ್ಗೆ 5ರಿಂದ 6:30 ಲೆಕ್ಕ, ಯಾಕಂದ್ರ ರಾತ್ರಿ ಅವಳ ತಲೆ ಅಂಕಿಗೆ ಒಪ್ಪಂಗಿಲ್ಲ. ರಾತ್ರಿ ಅರ್ಧ ತಾಸು ಬರೇ ತಪ್ಪಿನ ನೋಟ್‌ಬುಕ್. ಇವತ್ತು ತಪ್ಪಿದ್ದನ್ನ ಎರಡು ದಿನ ಬಿಟ್ಟು ಉತ್ತರ ಮುಚ್ಚಿ ಮಾಡೋದು, ಸರಿ ಬಂದ್ರ ಐದು ದಿನ ಬಿಟ್ಟು ಇನ್ನೊಮ್ಮೆ. ಶನಿವಾರ ನಂಬಿ ಪ್ಲಾನ್ ಹಾಕೋ ಮೊದಲು ಕ್ಯಾಲೆಂಡರ್ ನೋಡ್ರಿ. ಬ್ಯಾಂಕಿಗೆ ಎರಡನೇ ಮತ್ತ ನಾಲ್ಕನೇ ಶನಿವಾರ ಮಾತ್ರ ರಜೆ. ಐದನೇ ಶನಿವಾರ ಬಂದು ಮುಂದ ಒಂದನೇ ಶನಿವಾರ ಬಂದ್ರ ಎರಡು ವಾರದಾಗ ಒಂದೂ ಸಿಗಂಗಿಲ್ಲ.

(3/3)
8ನೇ ದಿನ ಮತ್ತ ಭಾನುವಾರ. ಪೂರ್ತಿ 100 ಪ್ರಶ್ನೆ, ಫೋನ್ ಅವ್ವನ ಕೈಯಾಗ. ಬಂದಿದ್ದು 57, ಆದರೆ ಕೊನೆಯ 9 ಖಾಲಿ, ಟೈಮ್ ಸಾಲಲಿಲ್ಲ. 120 ನಿಮಿಷಕ್ಕ 100 ಪ್ರಶ್ನೆ ಅಂದ್ರ ಒಂದಕ್ಕ 72 ಸೆಕೆಂಡ್. ಲೆಕ್ಕಕ್ಕ ಅದು ಸಾಲಂಗಿಲ್ಲ. ಅದಕ್ಕ ಮೊದಲ ಸುತ್ತಿನಾಗ ಥಿಯರಿ ಮಾತ್ರ. 60 ಥಿಯರಿ ಇದ್ದು ಒಂದಕ್ಕ 40 ಸೆಕೆಂಡ್ ಹಿಡಿದ್ರ 40 ನಿಮಿಷ, ಉಳಿದ 40 ಲೆಕ್ಕಕ್ಕ ಒಂದೊಂದಕ್ಕ 2 ನಿಮಿಷದ ಹತ್ತಿರ ಸಿಗ್ತದ. ನೆಗೆಟಿವ್ ಮಾರ್ಕ್ ಇಲ್ಲ, ಹಂಗಾಗಿ ಕೊನೆಯ 5 ನಿಮಿಷ ಖಾಲಿ ಇದ್ದದ್ದನ್ನ ತುಂಬಲಿಕ್ಕೇ ಇಡಬೇಕು.

9ರಿಂದ 12, ಡಿ ಮತ್ತ ಬಿ. ತೆರಿಗೆಯಾಗ ಹಳೇ ಪುಸ್ತಕದ ದರ ನಂಬಬ್ಯಾಡ್ರಿ. ನವೆಂಬರಿನ ಪರೀಕ್ಷೆಗೆ ಜೂನ್ 30ರ ತನಕದ ಬದಲಾವಣೆ, ಮೇ ತಿಂಗಳಿನದಕ್ಕ ಹಿಂದಿನ ಡಿಸೆಂಬರ್ 31ರ ತನಕದ್ದು ಕೇಳ್ತಾರ. ನಿನ್ನೆ ಬಂದ ಸುದ್ದಿಗೆ ಗಾಬರಿ ಆಗೋದೂ ಬ್ಯಾಡ.

13ಕ್ಕ ಅರ್ಧ ಟೆಸ್ಟ್, ಒಂದು ತಾಸಿನಾಗ 50 ಪ್ರಶ್ನೆ. 14ಕ್ಕ ತಪ್ಪಿನ ನೋಟ್‌ಬುಕ್ ಬಿಟ್ಟು ಮತ್ತೇನೂ ತೆಗೆಯಂಗಿಲ್ಲ.

ಇನ್ನೊಂದು ಮಾತು. 45 ಬಂದ್ರೂ ಪಾಸು ಅಂತ ಕೆಲವರು ಹೇಳ್ತಾರ. ಒಂದೇ ಪ್ರಯತ್ನದಾಗ ಎಲ್ಲಾ ಪೇಪರ್ ಬರೆದು, ಪ್ರತಿಯೊಂದರಾಗ ಕನಿಷ್ಠ 45 ಬಂದು, ಒಟ್ಟು ಸರಾಸರಿ 50% ಆದವರಿಗೆ ಆ ನಿಯಮ. ಒಂದೇ ಪೇಪರ್ ಉಳಿದವರಿಗೆ 50 ಅಂದ್ರ 50.

ಇವತ್ತು 10ನೇ ದಿನ. ಮುಂಜಾನೆ ಅವಧಿಯ ಆ 7 ಲೆಕ್ಕ ಮತ್ತ ಕೊಟ್ಟೆ, 6 ಸರಿ ಬಂದ್ವು. ಏಳನೇದು ತಿಂಗಳ ಕಂತಿನದು, 12ರಿಂದ ಭಾಗಿಸೋದು ಬಿಟ್ಟಿದ್ಲು. ನಾಡಿದ್ದು ಮತ್ತ ಅದೇ ಕೇಳ್ತೀನಿ.