ಬೇಳೆ ಬೇಯಲಿಲ್ಲ, ಲೈಟ್ ಮಾತ್ರ ಹಸಿರು

“ಬ್ಯಾಳಿ ಬೇಯವಲ್ದು ನೋಡಪಾ. ಆರು ಸೀಟಿ ಹೊಡಿಸಿದ್ರೂ ಕಾಳು ಕಾಳು ಉಳೀತಾವ.” ಮುಂಡರಗಿಯಿಂದ ಅವ್ವನ ಫೋನ್. ನಾನು ಬೆಂಗಳೂರಿನಲ್ಲಿ ಮೀಟಿಂಗಿಗೆ ಓಡುವ ಗಡಿಬಿಡಿಯಲ್ಲಿದ್ದೆ. ಬೇಳೆ ಹಳೇದಿರಬೇಕು, ಬೇರೆ ಅಂಗಡ್ಯಾಗ ತೊಗೋ ಅಂದುಬಿಟ್ಟೆ. ನೀರಿನ ಯೋಚನೆಯೇ ಬರಲಿಲ್ಲ. ಯಾಕಂದ್ರೆ ಮೂರು ವಾರದ ಹಿಂದಷ್ಟೇ ಮನೆಯ ಆರ್‌ಒ ಯಂತ್ರಕ್ಕೆ ಹೊಸ ಫಿಲ್ಟರ್ ಹಾಕಿಸಿದ್ದೆ, ಅದೂ ನಾನೇ ಆನ್‌ಲೈನಿನಲ್ಲಿ ಆರಿಸಿ ತರಿಸಿದ್ದು.

ಆರಿಸಿದ ಕಥೆ ಕೇಳಿದರೆ ನೀವು ನಗ್ತೀರಿ. ಮೊದಲ ಸಲ ತರಿಸಿದ್ದು ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಅಂತ ಬರೆದಿದ್ದ ಕಿಟ್. ಅದು ಕಾಲಿಂಚು ಪೈಪ್ ಸಿಗಿಸುವ ಮಾಮೂಲಿ ಕಾರ್ಟ್ರಿಜ್. ನಮ್ಮನೆ ಯಂತ್ರದ್ದು ಬಲ್ಬಿನ ಹಾಗೆ ತಿರುಗಿಸಿ ಕೂಡಿಸುವಂಥದ್ದು. ಕೂಡಲೇ ಇಲ್ಲ, ವಾಪಸ್ ಕಳಿಸಿದೆ. ಎರಡನೇ ಸಲ ಹುಷಾರಾಗಿ ಯಂತ್ರದ ಮುಂದೆ ಬರೆದಿದ್ದ ಹೆಸರು ಹಾಕಿ ಹುಡುಕಿದೆ. ಬಂತು, ಕೂಡಿತು. ‘ಫಿಲ್ಟರ್ ಬದಲಿಸಿ’ ಎನ್ನುವ ಕೆಂಪು ಲೈಟನ್ನು ಅಪ್ಪ ಬಟನ್ ಒತ್ತಿ ಹಿಡಿದು ಹಸಿರು ಮಾಡಿದರು. ಎಲ್ಲ ಮುಗೀತು ಅಂದುಕೊಂಡೆವು.

ಆ ಶನಿವಾರ ಊರಿಗೆ ಹೋದೆ. ಬೆಟಗೇರಿಯ ಒಬ್ಬ ಹುಡುಗ ಈ ಯಂತ್ರಗಳ ರಿಪೇರಿ ಮಾಡುತ್ತಾನೆ. ವಾರದಲ್ಲಿ ಎರಡು ದಿನ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ, ಒಂದು ದಿನ ನಮ್ಮೂರು. ಬೈಕಿನ ಎರಡೂ ಬದಿ ಚೀಲದ ತುಂಬ ಕಾರ್ಟ್ರಿಜ್. ಅವನು ಬಂದವನೇ ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆದ. ಬೋರ್ ನೀರಿಗೆ ಅದ್ದಿದರೆ 1620. ಯಂತ್ರದ ನಳದ ನೀರಿಗೆ 520. ಯಂತ್ರ ಹೊಸದಿದ್ದಾಗ ಇದೇ ನಳದಲ್ಲಿ 110 ಇತ್ತು ಅಂತ ಅಪ್ಪನ ಡೈರಿಯಲ್ಲಿದೆ.

“ಮೆಂಬ್ರೇನ್ ಹೋಗೇತಿ ಸರ.”

“ಹೊಸಾದು ಹಾಕೇವಲ್ಲ?”

“ನೀವು ಹಾಕಿದ್ದು ಫಿಲ್ಟರ್ ಕಿಟ್. ಅದರಾಗ ಮೆಂಬ್ರೇನ್ ಇರಂಗಿಲ್ರಿ.”

ಫೋನ್ ತೆಗೆದು ನೋಡಿದೆ. ನಿಜ. ಪಟ್ಟಿಯಲ್ಲಿ ಸೆಡಿಮೆಂಟ್, ಕಾರ್ಬನ್, ಪೋಸ್ಟ್ ಕಾರ್ಬನ್ ಅಂತ ಮೂರೇ ಇವೆ. ಅಂದರೆ ಮಣ್ಣು ಹಿಡಿಯುವುದು, ಕ್ಲೋರಿನ್ ಹಿಡಿಯುವುದು, ಕೊನೆಗೆ ರುಚಿ ಸರಿಮಾಡುವುದು. ನೀರಿನಲ್ಲಿ ಕರಗಿದ ಉಪ್ಪು ತೆಗೆಯುವ ಮೆಂಬ್ರೇನ್ ಬೇರೆಯೇ ಮಾರಾಟಕ್ಕಿದೆ. ಹಾಗಾದರೆ ಹಸಿರು ಲೈಟ್? ನಮ್ಮ ಯಂತ್ರದ ಲೈಟ್ ನೀರನ್ನು ಪರೀಕ್ಷೆ ಮಾಡುವುದೇ ಇಲ್ಲ, ಯಂತ್ರ ಎಷ್ಟು ತಾಸು ಓಡಿತು ಅಂತ ಎಣಿಸುತ್ತದೆ ಅಷ್ಟೇ. ರೀಸೆಟ್ ಮಾಡಿದರೆ ಸೊನ್ನೆಯಿಂದ ಮತ್ತೆ ಶುರು. ದಿನವಿಡೀ ಟೆಸ್ಟ್ ಕೇಸ್ ಬರೆಯುವ ನಾನು ಆ ಲೈಟನ್ನು ನಂಬಿದ್ದೆ!

ಹುಡುಗ ಒಂದು ಒಳ್ಳೆ ಕೆಲಸ ಮಾಡಿದ. ಮೆಂಬ್ರೇನ್ ಬಿಚ್ಚುವ ಮೊದಲು ಒಳಗಿದ್ದ ಒಂದು ಸಣ್ಣ ತಿರುಪನ್ನು ಪೂರ್ತಿ ಬಂದ್ ಮಾಡಿದ. ಆರ್‌ಒ ನೀರು ಸಪ್ಪೆ ಅನ್ನಿಸಬಾರದು ಅಂತ, ಮೆಂಬ್ರೇನ್ ದಾಟದ ನೀರನ್ನೂ ಸ್ವಲ್ಪ ಸೇರಿಸುವ ತಿರುಪು ಅದು. ಅದು ತೆರೆದಿದ್ದರೆ ಮೆಂಬ್ರೇನ್ ಚೆನ್ನಾಗಿದ್ದರೂ ಮೀಟರ್ ಜಾಸ್ತಿ ತೋರಿಸುತ್ತದೆ. ಬಂದ್ ಮಾಡಿ, ಹೊಸ ನೀರು ಬಂದ ಮೇಲೆ ನೋಡಿದರೆ 430. ಅಂದರೆ 1620ರಲ್ಲಿ 1190 ಮಾತ್ರ ತಡೆದಿದೆ, ನೂರಕ್ಕೆ 73. ಹೊಸದಿದ್ದಾಗ ನೂರಕ್ಕೆ 93 ತಡೆಯುತ್ತಿತ್ತು. ಎಂಬತ್ತರ ಕೆಳಗೆ ಇಳಿದರೆ ತಾನು ಬದಲಿಸಿಬಿಡುತ್ತೇನೆ ಅಂದ.

ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾದದ್ದು ಬೇಳೆಯ ಕಾರಣಕ್ಕಲ್ಲ. ಮುಂಡರಗಿ ತಾಲೂಕಿನ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 1.5. ನಮ್ಮ ಬೋರ್ ನೀರನ್ನು ಹಿಂದೊಮ್ಮೆ ಪರೀಕ್ಷೆಗೆ ಕೊಟ್ಟಾಗ 2.1 ಬಂದಿತ್ತು, ಅದಕ್ಕೇ ಆರ್‌ಒ ತಂದದ್ದು. ಫ್ಲೋರೈಡನ್ನು ನಮ್ಮ ಕಿಟ್‌ನಲ್ಲಿದ್ದ ಕಾರ್ಬನ್ ಹಿಡಿಯುವುದಿಲ್ಲ, ಯುವಿ ದೀಪವೂ ತೆಗೆಯುವುದಿಲ್ಲ. ಟಿಡಿಎಸ್ ಮೀಟರ್ ಕೂಡ ಅದನ್ನು ಬೇರೆಯಾಗಿ ತೋರಿಸದು, ಅದಕ್ಕೆ ಲ್ಯಾಬೇ ಬೇಕು. ಆ ಮೂರು ವಾರ, ಬಹುಶಃ ಅದಕ್ಕೂ ಮೊದಲಿನಿಂದ, ಅವ್ವ ಅಪ್ಪ ಏನು ಕುಡಿದರೋ. ಹುಡುಗ ತಿರುಪನ್ನು ಮತ್ತೆ ತೆರೆಯಲು ಹೋದಾಗ ಬೇಡವೆಂದೆ. ಸಪ್ಪಗಿದ್ದರೆ ಇರಲಿ.

ಮೆಂಬ್ರೇನ್ ಹುಡುಕುವಾಗ ಅವನು ಯಂತ್ರವನ್ನು ಗೋಡೆಯಿಂದ ಇಳಿಸಿ ಹಿಂದಿನ ಸ್ಟಿಕ್ಕರ್ ತೋರಿಸಿದ. ಮುಂದೆ ಇರುವುದು ಬರೀ ಹೆಸರು. ಅದೇ ಹೆಸರಿನಲ್ಲಿ ಆರ್‌ಒ ಇರುವುದೂ ಉಂಟು, ಆರ್‌ಒ ಇಲ್ಲದೆ ಬರೀ ಯುವಿ ಮತ್ತು ಯುಎಫ್ ಇರುವುದೂ ಉಂಟು. ವ್ಯತ್ಯಾಸ ಇರುವುದು ಮಾಡೆಲ್ ನಂಬರಿನ ಕೊನೆಯ ಎರಡು ಅಕ್ಷರಗಳಲ್ಲಿ. ಹಳೇ ಮೆಂಬ್ರೇನಿನ ಮೈಮೇಲೆ 1812-80 ಅಂತಿತ್ತು. 1812 ಅಂದರೆ ಗಾತ್ರ: ಸುಮಾರು 1.8 ಇಂಚು ದಪ್ಪ, 12 ಇಂಚು ಉದ್ದ. 80 ಅಂದರೆ ಕಂಪನಿಯ ಪರೀಕ್ಷೆಯಲ್ಲಿ ದಿನಕ್ಕೆ ಎಷ್ಟು ಗ್ಯಾಲನ್ ಸೋಸುತ್ತದೆ ಎಂಬುದು. ಗಾತ್ರ ಒಂದೇ ಅಂತ ದೊಡ್ಡ ಅಂಕಿಯದ್ದು ಹಾಕಿದರೆ ಕೂಡುತ್ತದೆ, ಆದರೆ ಪಂಪೂ ಬಿಸಾಡುವ ನೀರಿನ ಕಿಂಡಿಯೂ ಹಳೆಯದಕ್ಕೇ ಹೊಂದಿಸಿದವು. ಒತ್ತಡ ಸಾಲದೆ ಅದೂ ಸರಿಯಾಗಿ ಸೋಸದು. ಅದೇ ನಂಬರಿನದು ಅವನ ಚೀಲದಲ್ಲೇ ಸಿಕ್ಕಿತು. ಮೊದಲ ಎರಡು ಟ್ಯಾಂಕ್ ನೀರು ಚೆಲ್ಲಿ ಮೂರನೆಯದಕ್ಕೆ ಮೀಟರ್ ಅದ್ದಿದೆವು. 125.

ಚಹಾ ಕುಡಿಯುವಾಗ ಅವನೊಂದು ಕೆಲಸ ಹೇಳಿದ. ತಾನು ಮಾರುವ ಸಾಮಾನಿನ ಪಟ್ಟಿ ಫೋನಿನಲ್ಲಿ ಹಾಕಬೇಕು, ಬರೆದುಕೊಡಿ. ಮಾಡೆಲ್ ನಂಬರ್, ಕಾರ್ಟ್ರಿಜ್ ಮೇಲಿನ ನಂಬರ್, ಕಿಟ್‌ನಲ್ಲಿ ಏನಿದೆ, ಏನಿಲ್ಲ, ಇಷ್ಟು ಸರಸರ ಬರೆದೆ. ‘ಎಷ್ಟು ದಿನಕ್ಕೆ ಬದಲಿಸಬೇಕು’ ಎನ್ನುವಲ್ಲಿ ಕೈ ನಿಂತಿತು.

ನಾನು ತರಿಸಿದ ಕಿಟ್‌ನಲ್ಲಿ ‘12 ತಿಂಗಳು ಅಥವಾ 6000 ಲೀಟರ್, ಯಾವುದು ಮೊದಲೋ ಅದು’ ಅಂತಿತ್ತು. ಯಾವ ನೀರಿನ ಲೀಟರ್? ನಳದ ಕೆಳಗೊಂದು ಪಾತ್ರೆ, ಬಿಸಾಡುವ ಪೈಪಿಗೊಂದು ಬಕೆಟ್ ಇಟ್ಟು ಅಳೆದೆವು. ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಹೊರಗೆ. ಮನೆಗೂ ಪಕ್ಕದ ಮನೆಗೂ ಸೇರಿ ದಿನಕ್ಕೆ 25 ಲೀಟರ್ ಬೇಕು. 6000 ಎಂಬುದು ಕುಡಿಯುವ ನೀರಿನ ಲೆಕ್ಕವಾದರೆ 240 ದಿನ, ಎಂಟು ತಿಂಗಳು. ಆದರೆ ಮುಂದಿನ ಸೆಡಿಮೆಂಟ್, ಕಾರ್ಬನ್ ಎರಡರ ಮೂಲಕ ದಿನಕ್ಕೆ ನೂರು ಲೀಟರ್ ಹಾಯುತ್ತದೆ. ಹಾದುಹೋಗುವ ನೀರಿನ ಲೆಕ್ಕವಾದರೆ ಎರಡೇ ತಿಂಗಳು! ಕಿಟ್ ಡಬ್ಬಿಯ ಮೇಲೆ ಯಾವುದೆಂದು ಬರೆದಿಲ್ಲ, ಎಷ್ಟು ಟಿಡಿಎಸ್ ನೀರಿಗೆ ಈ ಲೆಕ್ಕ ಎಂದೂ ಇಲ್ಲ.

“ಗದಗ-ಬೆಟಗೇರ್‍ಯಾಗ ಹೊಳಿ ನೀರು ಬರ್ತಾವ್ರಿ. ಉಪ್ಪು ಕಡಿಮಿ, ಮಳಿಗಾಲದಾಗ ರಾಡಿ ಜಾಸ್ತಿ. ಅಲ್ಲಿ ಸೆಡಿಮೆಂಟ್ ಮೊದಲ ಕಟ್ಟತೈತಿ, ಮೆಂಬ್ರೇನ್ ಬಾಳಿಕಿ ಬರ್ತೈತಿ. ಬೋರ್ ನೀರಿನ ಮನ್ಯಾಗ ಉಲ್ಟಾ. ತಿಂಗಳ ಲೆಕ್ಕ ಹ್ಯಾಂಗ ಬರೀತೀರಿ?”

ಕೊನೆಗೆ ತಿಂಗಳು ಕೈಬಿಟ್ಟೆವು. ಸೆಡಿಮೆಂಟಿಗೆ ‘ಒಳಗಿಂದ ಕಂದಾದಾಗ, ಅಥವಾ ಟ್ಯಾಂಕ್ ತುಂಬಲು ಮೊದಲಿಗಿಂತ ಬಹಳ ಹೊತ್ತು ಹಿಡಿದಾಗ’ ಅಂತ ಹಾಕಿದೆವು. ಮೆಂಬ್ರೇನಿಗೆ ‘ತಿರುಪು ಬಂದ್ ಮಾಡಿ ಅಳೆದಾಗ ನೂರಕ್ಕೆ 80ಕ್ಕಿಂತ ಕಡಿಮೆ ತಡೆದರೆ’. ಕಾರ್ಬನ್ ಮಾತ್ರ ಕಣ್ಣಿಗೂ ಮೀಟರಿಗೂ ಸಿಗದು. ನಳದ ನೀರಿನ ಕ್ಲೋರಿನ್ ಅದನ್ನು ದಾಟಿ ಬಂದರೆ ಮೆಂಬ್ರೇನ್ ಹಾಳು, ಹಾಗಾಗಿ ಅದಕ್ಕೆ ಲೀಟರ್ ಲೆಕ್ಕವೇ: ‘ಹಾದುಹೋಗುವ ನೀರು 6000 ಲೀಟರ್’ ಎಂದು ಬರೆದೆವು, ಕಡಿಮೆ ಬಾಳುವ ಲೆಕ್ಕವನ್ನೇ ಹಿಡಿದು.

ಈಗ ಮೀಟರ್ ನಮ್ಮನೆಯಲ್ಲೂ ಒಂದಿದೆ. ಅಪ್ಪ ಪ್ರತಿ ತಿಂಗಳ ಮೊದಲನೇ ತಾರೀಖು ಎರಡು ಅಂಕಿ ಬರೆದು ಫೋಟೋ ಕಳಿಸುತ್ತಾರೆ. ಅವ್ವ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪಕ್ಕದ ಮನೆಯವರು ಒಯ್ಯುವ ಕೊಡಕ್ಕೊಂದು ಗೆರೆ ಎಳೆಯುತ್ತಾಳೆ. “ಅವರಿಗೆ ಲೆಕ್ಕ ಇಡಾಕತ್ತೇನಿ ಅಂತ ಹೇಳಬ್ಯಾಡ ಮತ್ತ” ಅಂದಿದ್ದಾಳೆ.